ಮುಖದ ಬೆಳಕಿಗೂ ಒಂದು ಟ್ರಯಲ್ ಬ್ಯಾಲೆನ್ಸ್ ಬೇಕು

ಭಾಗ 1/8

ನೇರವಾಗಿ ವಿಷಯಕ್ಕೆ ಬರ್ತೀನಿ. ನಮ್ಮ ಕಡೆ "ಫೋಟೋ ಸ್ವಲ್ಪ ಎಡಿಟ್ ಮಾಡ್ಕೊಡು" ಅಂದ್ರೆ ಬಹಳ ಸಲ ಅದರ ಅರ್ಥ "ಬೆಳ್ಳಗೆ ಮಾಡ್ಕೊಡು" ಅಂತಾನೇ. ಒಂದು ಸ್ಲೈಡರ್ ಎಳೆದ್ರೆ ಆಯ್ತು. ಚರ್ಮ ನುಣ್ಣಗಾಗತ್ತೆ, ಬಣ್ಣ ಎರಡು ಮೆಟ್ಟಿಲು ಏರತ್ತೆ, ಮೂಗಿನ ಪಕ್ಕದ ನೆರಳು ಹೋಗತ್ತೆ. ಮೂಗು ಎಷ್ಟು ಎತ್ತರ, ಕೆನ್ನೆ ಎಷ್ಟು ದುಂಡಗೆ ಅಂತ ಕಣ್ಣಿಗೆ ಹೇಳ್ತಿದ್ದದ್ದು ಆ ನೆರಳೇ. ಅದು ಹೋದ್ಮೇಲೆ ಮುಖ ಅನ್ನೋದು ತಟ್ಟೆ ಥರ ಚಪ್ಪಟೆ.

ಡಾಡ್ಜ್ ಅಂಡ್ ಬರ್ನ್ ಅನ್ನೋ ಹಳೇ ವಿದ್ಯೆಯನ್ನೂ ಈಗ ಇದೇ ಕೆಲಸಕ್ಕೆ ಬಳಸ್ತಿದ್ದಾರೆ. ಡಾಡ್ಜ್ ಅಂದ್ರೆ ಒಂದು ಜಾಗವನ್ನ ಬೆಳಗಿಸೋದು, ಬರ್ನ್ ಅಂದ್ರೆ ಒಂದು ಜಾಗವನ್ನ ಕಪ್ಪಾಗಿಸೋದು. ರೀಲ್ಸ್ ನೋಡಿ ಕಲಿತವರು ಡಾಡ್ಜ್ ತಗೊಂಡು ಇಡೀ ಮುಖಕ್ಕೆ ಬಳಿದುಬಿಡ್ತಾರೆ. ಬರ್ನ್ ಅನ್ನೋದನ್ನ ಮುಟ್ಟೋದೇ ಇಲ್ಲ.

ನನ್ನ ವಾದ ಇಷ್ಟೇ: ಮುಖದ ಒಂದು ಜಾಗಕ್ಕೆ ಎಷ್ಟು ಬೆಳಕು ಕೊಡ್ತೀರೋ, ಅದೇ ಮುಖದ ಇನ್ನೊಂದು ಜಾಗದಿಂದ ಹೆಚ್ಚುಕಮ್ಮಿ ಅಷ್ಟೇ ಬೆಳಕು ಕಳೀಬೇಕು. ಬೆಳಕು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗ್ಬೇಕೇ ಹೊರತು, ಮುಖದ ಒಟ್ಟು ಬಣ್ಣ ಬದಲಾಗ್ಬಾರದು. ಬಿಕಾಂನವರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಡೆಬಿಟ್ ಬರೆದ ಮೇಲೆ ಕ್ರೆಡಿಟ್ ಬರೀಲೇಬೇಕು, ಕೊನೆಗೆ ಎರಡೂ ಕಡೆ ಟ್ಯಾಲಿ ಆಗ್ಬೇಕು.

ಟ್ಯಾಲಿ ಆಗಿದ್ಯಾ ಅಂತ ಚೆಕ್ ಮಾಡೋ ದಾರಿಯೂ ಇದೆ, ಭಾಗ 7ರಲ್ಲಿ ಹೇಳ್ತೀನಿ. ಅಲ್ಲೀವರೆಗೆ ಒಂದೇ ಫೋಟೋ ಇಟ್ಕೊಂಡು ಹೋಗೋಣ.

—

ಭಾಗ 2/8

ಮೊದಲು ಹೆಸರು ಎಲ್ಲಿಂದ ಬಂತು ಅಂತ ನೋಡೋಣ, ಯಾಕಂದ್ರೆ ಅದರಲ್ಲೇ ಅರ್ಧ ಪಾಠ ಇದೆ.

ಫಿಲ್ಮ್ ಕಾಲದಲ್ಲಿ ಕತ್ತಲೆ ಕೋಣೆಯಲ್ಲಿ ನೆಗೆಟಿವ್ ಮೂಲಕ ಬೆಳಕು ಹಾಯಿಸಿ ಕೆಳಗಿರೋ ಪೇಪರ್ ಮೇಲೆ ಪ್ರಿಂಟ್ ತೆಗೀತಿದ್ರು. ಆ ಪೇಪರಿನ ಸ್ವಭಾವ ಉಲ್ಟಾ. ಬೆಳಕು ಜಾಸ್ತಿ ಬಿದ್ದಷ್ಟೂ ಕಪ್ಪಾಗತ್ತೆ. ಇಡೀ ಪ್ರಿಂಟಿಗೆ 10 ಸೆಕೆಂಡ್ ಬೆಳಕು ಬೇಕು ಅಂತಿಟ್ಕೊಳ್ಳಿ. ಮುಖದ ಒಂದು ಭಾಗ ತುಂಬಾ ಕಪ್ಪಾಗ್ತಿದ್ರೆ, ತಂತಿಯ ತುದಿಗೆ ಸಣ್ಣ ರಟ್ಟಿನ ಚೂರು ಅಂಟಿಸ್ಕೊಂಡು ಎರಡು ಸೆಕೆಂಡ್ ಆ ಜಾಗಕ್ಕೆ ಬೆಳಕು ಬೀಳದ ಹಾಗೆ ಅಡ್ಡ ಹಿಡೀತಿದ್ರು. ಅದು ಡಾಡ್ಜ್, ಅಂದ್ರೆ ಬೆಳಕಿಂದ ತಪ್ಪಿಸೋದು. ಒಂದು ಜಾಗ ತೀರಾ ಬಿಳಿಯಾಗಿದ್ರೆ, ಕೈಯಲ್ಲೇ ತೂತು ಮಾಡ್ಕೊಂಡು ಅಲ್ಲಿಗೆ ಮಾತ್ರ ಇನ್ನೂ ನಾಲ್ಕೈದು ಸೆಕೆಂಡ್ ಬೆಳಕು ಬಿಡ್ತಿದ್ರು. ಅದು ಬರ್ನ್. ಫೋಟೋಶಾಪ್‌ನಲ್ಲಿ ಡಾಡ್ಜ್‌ಗೆ ಕಡ್ಡಿಗೆ ಸಿಕ್ಕಿಸಿದ ರಟ್ಟಿನ ಚಿತ್ರ, ಬರ್ನ್‌ಗೆ ಮಡಚಿದ ಕೈ ಚಿತ್ರ ಇರೋದು ಇದಕ್ಕೇ.

ಆನ್ಸೆಲ್ ಆಡಮ್ಸ್ 1941ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಅನ್ನೋ ಊರಲ್ಲಿ ಚಂದ್ರೋದಯದ ಒಂದು ಫೋಟೋ ತೆಗೆದ್ರು. ನೆಗೆಟಿವ್ ಒಂದೇ. ಆದ್ರೆ ವರ್ಷ ಕಳೆದ ಹಾಗೆ ಅವರು ಅದೇ ನೆಗೆಟಿವ್‌ನಿಂದ ಆಕಾಶವನ್ನ ಹೆಚ್ಚು ಹೆಚ್ಚು ಬರ್ನ್ ಮಾಡ್ತಾ ಪ್ರಿಂಟ್ ತೆಗೆದ್ರು. ಹಾಗಾಗಿ ಮೊದಮೊದಲ ಪ್ರಿಂಟ್‌ನ ಆಕಾಶಕ್ಕೂ ಆಮೇಲಿನ ಪ್ರಿಂಟ್‌ನ ಆಕಾಶಕ್ಕೂ ತುಂಬಾ ವ್ಯತ್ಯಾಸ ಇದೆ.

ಇಲ್ಲಿ ಗಮನಿಸ್ಬೇಕಾದ್ದು ಒಂದೇ. ಚಂದ್ರ ಎದ್ದು ಕಾಣ್ಲಿ ಅಂತ ಅವರು ಚಂದ್ರನಿಗೆ ಸುಣ್ಣ ಬಳೀಲಿಲ್ಲ. ಸುತ್ತಲಿನ ಆಕಾಶವನ್ನ ಇಳಿಸಿದ್ರು. ನಮ್ಮ ಫೋಟೋದಲ್ಲೂ ಮೊದಲ ಕೆಲಸ ಇದೇ.

—

ಭಾಗ 3/8

ಈಗ ನಮ್ಮ ಫೋಟೋ. ನನ್ನ ಕ್ಲಾಸ್‌ಮೇಟ್ ಒಬ್ಬಳದ್ದು, ಅವಳ ಒಪ್ಪಿಗೆ ತಗೊಂಡೇ ಹಾಕಿದ್ದೀನಿ. ಕಾಲೇಜ್ ಮೆಟ್ಟಿಲ ಹತ್ರ, ಮಧ್ಯಾಹ್ನ ಹನ್ನೆರಡೂವರೆಗೆ ಫೋನಲ್ಲಿ ತೆಗೆದದ್ದು. ಹಿಂದೆ ಸುಣ್ಣದ ಗೋಡೆ, ಹೆಗಲ ಮೇಲೆ ಬಿಳಿ ದುಪಟ್ಟಾ. ಅವಳ ಬಣ್ಣ ಎಣ್ಣೆಗೆಂಪು.

ಇದೇ ಫೋಟೋ ಮೊದಲು ಅವರೂರಿನ ಒಂದು ಸ್ಟುಡಿಯೋಗೆ ಹೋಗಿತ್ತು. ಅವಳ ದೊಡ್ಡಮ್ಮ "ಸ್ವಲ್ಪ ಕಲರ್ ಮಾಡಿಸಿ" ಅಂದಿದ್ರಂತೆ. ವಾಪಸ್ ಬಂದ ಪ್ರಿಂಟಲ್ಲಿ ಮುಖ ಒಂದು ಬಣ್ಣ, ಕುತ್ತಿಗೆ ಇನ್ನೊಂದು ಬಣ್ಣ. ಅವಳು ನನಗೆ ಹೇಳಿದ್ದು ಇಷ್ಟು: "ಬೆಳ್ಳಗೆ ಮಾಡ್ಬೇಡ ಕಣೋ. ಕಣ್ಣು ಒಳಗೆ ಹೋದ ಹಾಗೆ, ಜ್ವರ ಬಂದವಳ ಥರ ಕಾಣ್ತಿದೀನಿ. ಅದೊಂದು ಸರಿ ಮಾಡು ಸಾಕು."

ಅವಳು ಹೇಳಿದ್ದು ಸರಿ. ಸಮಸ್ಯೆ ಇರೋದು ಬಣ್ಣದಲ್ಲಲ್ಲ, ಬೆಳಕು ಬಂದ ದಿಕ್ಕಲ್ಲಿ. ನಡು ಮಧ್ಯಾಹ್ನದ ಸೂರ್ಯ ಹೆಚ್ಚುಕಮ್ಮಿ ನೆತ್ತಿ ಮೇಲಿರ್ತಾನೆ. ಮುಖದಲ್ಲಿ ಮೇಲಕ್ಕೆ ಮುಖ ಮಾಡಿರೋ ಜಾಗಗಳು ಬೆಳಗ್ತವೆ: ಹಣೆ, ಮೂಗಿನ ದಿಣ್ಣೆ, ಕೆನ್ನೆ ಮೂಳೆಯ ಮೇಲ್ಭಾಗ. ಹುಬ್ಬಿನ ಕೆಳಗೆ, ಮೂಗಿನ ಕೆಳಗೆ, ಗದ್ದದ ಕೆಳಗೆ ನೆರಳು ನಿಲ್ಲತ್ತೆ. ಕಣ್ಣು ಹುಬ್ಬಿನ ಸೂರಿನ ಕೆಳಗೆ ಇರೋದ್ರಿಂದ ಗುಳಿ ಬಿದ್ದ ಹಾಗೆ ಕಾಣತ್ತೆ.

ಯಾವ ಫೋಟೋ ಸಿಕ್ಕಿದ್ರೂ ಬ್ರಷ್ ಮುಟ್ಟೋ ಮೊದಲು ಎರಡು ಜಾಗ ನೋಡಿ. ಕಣ್ಣಿನ ಗುಡ್ಡೆಯಲ್ಲಿ ಬೆಳಕಿನ ಚುಕ್ಕಿ ಎಲ್ಲಿದೆ? ಮೂಗಿನ ನೆರಳು ಯಾವ ಕಡೆ ಬಿದ್ದಿದೆ? ಈ ಎರಡೂ ಸೇರಿ ಬೆಳಕು ಎಲ್ಲಿಂದ ಬಂತು ಅಂತ ಹೇಳ್ತವೆ. ಮುಂದೆ ನೀವು ಹಾಕೋ ಪ್ರತಿ ಸ್ಟ್ರೋಕ್ ಆ ದಿಕ್ಕಿಗೆ ಹೊಂದ್ಬೇಕು.

—

ಭಾಗ 4/8

ಸೆಟ್‌ಅಪ್. ಫೋಟೋಶಾಪ್‌ಗೆ ದುಡ್ಡು ಬೇಕು, ನಮ್ಮ ಹತ್ರ ಇಲ್ಲ. ಬ್ರೌಸರ್‌ನಲ್ಲೇ ಓಡೋ ಫೋಟೋಪಿಯಾ ಫ್ರೀ, ಲ್ಯಾಬ್ ಕಂಪ್ಯೂಟರ್‌ನಲ್ಲೂ ನಡೆಯತ್ತೆ. ಎರಡರಲ್ಲೂ ವಿಧಾನ ಒಂದೇ.

ಫೋಟೋ ಮೇಲೆ ಹೊಸ ಲೇಯರ್ ತಗೊಳ್ಳಿ. ಅದಕ್ಕೆ `#808080` ಬಣ್ಣ ತುಂಬಿ. ಇದು ಕಪ್ಪು ಬಿಳುಪಿನ ಸರಿಯಾದ ನಡುವಿನ ಬೂದು. ಆಮೇಲೆ ಲೇಯರಿನ ಬ್ಲೆಂಡ್ ಮೋಡ್ `Soft Light` ಮಾಡಿ. ಬೂದು ಪೂರ್ತಿ ಮಾಯ ಆಗಿ ಫೋಟೋ ಮೊದಲಿದ್ದ ಹಾಗೇ ಕಾಣ್ಬೇಕು. ಹಾಗೆ ಕಂಡ್ರೆ ಸರಿಯಾಗಿದೆ ಅಂತ ಅರ್ಥ. ಈ ಲೇಯರ್ ಮೇಲೆ ಬಿಳಿ ಹಚ್ಚಿದ್ರೆ ಕೆಳಗಿನ ಫೋಟೋ ಬೆಳಗತ್ತೆ, ಕಪ್ಪು ಹಚ್ಚಿದ್ರೆ ಇಳಿಯತ್ತೆ, ಬೂದು ಹಚ್ಚಿದ್ರೆ ಮೊದಲಿನ ಸ್ಥಿತಿಗೆ ಬರತ್ತೆ. ಮೂಲ ಫೋಟೋಗೆ ಏನೂ ಆಗಲ್ಲ. ರೆಡಿಮೇಡ್ ಡಾಡ್ಜ್ ಟೂಲ್ ಬಿಟ್ಟು ಈ ದಾರಿ ಹಿಡಿಯೋಕೆ ಕಾರಣವೂ ಅದೇ.

ಇಂಥ ಲೇಯರ್ ಎರಡು ಮಾಡಿ. ಒಂದು ಮುಖಕ್ಕೆ, ಒಂದು ಸುತ್ತಲಿನದಕ್ಕೆ.

ಬ್ರಷ್ ಮೆತ್ತಗಿರ್ಲಿ, `Hardness` 0%. `Opacity` 100% ಇರ್ಲಿ, `Flow` ಮಾತ್ರ 2%. ಅಷ್ಟು ಕಮ್ಮಿ ಯಾಕೆ? ಒಂದೇ ಸ್ಟ್ರೋಕಲ್ಲಿ ಬ್ರಷ್ ಹತ್ತಾರು ಸಲ ಒಂದರ ಮೇಲೊಂದು ಠಸ್ಸೆ ಒತ್ತತ್ತೆ. ಫ್ಲೋ ಅಂದ್ರೆ ಒಂದೊಂದು ಠಸ್ಸೆಯಲ್ಲಿ ಎಷ್ಟು ಬಣ್ಣ ಇಳೀಬೇಕು ಅನ್ನೋದು. 2% ಇಟ್ರೆ ಮೊದಲ ಸ್ಟ್ರೋಕ್ ಕಣ್ಣಿಗೇ ಕಾಣಲ್ಲ, ಐದಾರು ಆದ್ಮೇಲೆ ಏನೋ ಬದಲಾಗಿದೆ ಅನ್ನಿಸತ್ತೆ. ನಮಗೆ ಬೇಕಾಗಿರೋದು ಆ ನಿಧಾನವೇ. `D` ಒತ್ತಿದ್ರೆ ಬ್ರಷ್‌ಗೆ ಕಪ್ಪು ಬಿಳುಪು ಬರತ್ತೆ, `X` ಒತ್ತಿದ್ರೆ ಅವು ಅದಲುಬದಲು ಆಗ್ತವೆ.

ಇನ್ನೊಂದು ವಿಷಯ. ಫೋನ್ ಅಥವಾ ಕಂಪ್ಯೂಟರಿನ ನೈಟ್ ಲೈಟ್ ಆಫ್ ಮಾಡಿ. ಹಳದಿ ಸ್ಕ್ರೀನ್ ಮೇಲೆ ಚರ್ಮದ ಬಣ್ಣ ನೋಡೋದು, ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಸೀರೆ ಆರಿಸಿದ ಹಾಗೆ.

—

ಭಾಗ 5/8

ಕೆಲಸ ಶುರು, ಆದ್ರೆ ಮುಖದಿಂದ ಅಲ್ಲ. ಮೊದಲು ಗೋಡೆ.

ನಮ್ಮ ಕಣ್ಣು ಫೋಟೋದಲ್ಲಿ ಹೆಚ್ಚು ಬೆಳಕಿರೋ ಕಡೆಗೆ ಮೊದಲು ಓಡತ್ತೆ. ಈ ಫೋಟೋದಲ್ಲಿ ಅದು ಸುಣ್ಣದ ಗೋಡೆ, ಆಮೇಲೆ ದುಪಟ್ಟಾ. ಅವೆರಡರ ನಡುವೆ ಇರೋದ್ರಿಂದಲೇ ಮುಖ ಇರೋದಕ್ಕಿಂತ ಕಪ್ಪಾಗಿ ಕಂಡಿದ್ದು. ಹಾಗಾಗಿ ಮುಖಕ್ಕಿಂತ ದೊಡ್ಡ ಬ್ರಷ್ ತಗೊಂಡು ಫ್ರೇಮಿನ ಅಂಚಿಂದ ಒಳಕ್ಕೆ ಗೋಡೆಗೆ ಕಪ್ಪು ಹಚ್ಚಿದೆ. ಮುಖದ ಹತ್ರ ಬಂದ ಹಾಗೆ ಕೈ ಬಿಡ್ತಾ ಬಂದೆ, ಇಲ್ಲಾಂದ್ರೆ ತಲೆ ಸುತ್ತ ಪ್ರಭಾವಳಿ ಬಂದ್ಬಿಡತ್ತೆ. ದುಪಟ್ಟಾಗೂ ನಾಲ್ಕೈದು ಸ್ಟ್ರೋಕ್. ಸ್ವೈಪ್ ಮಾಡಿ ಮೂರನೇ ಸ್ಲೈಡ್ ನೋಡಿ. ಮುಖಕ್ಕೆ ಒಂದು ಚುಕ್ಕೆಯನ್ನೂ ಹಚ್ಚಿಲ್ಲ, ಆದ್ರೂ ಮುಖ ಮುಂದೆ ಬಂದಿದೆ.

ಈಗ ಮುಖದ ಲೇಯರ್. ಇಲ್ಲೂ ಮೊದಲು ಬರ್ನ್. ಹಣೆಯ ನಡುವಿನ ಹೊಳಪು, ಮೂಗಿನ ತುದಿಯ ಹೊಳಪು ಎರಡನ್ನೂ ಸ್ವಲ್ಪ ಇಳಿಸಿದೆ. ಬ್ರಷ್ ಹಣೆಯ ಅರ್ಧ ಅಗಲ ಇತ್ತು. ಹೊಳಪು ಪೂರ್ತಿ ತೆಗೀಲಿಲ್ಲ, ಬಿಸಿಲಲ್ಲಿ ನಿಂತವರ ಹಣೆ ಹೊಳೀಲೇಬೇಕು.

ಆಮೇಲೆ ಡಾಡ್ಜ್. `X` ಒತ್ತಿ ಬಿಳಿ ತಗೊಂಡು, ಬ್ರಷ್ ಅನ್ನ ಕಣ್ರೆಪ್ಪೆಯ ಅಗಲಕ್ಕೆ ಇಳಿಸಿ, ಹುಬ್ಬು ಮತ್ತು ರೆಪ್ಪೆ ನಡುವಿನ ಜಾಗ, ಮೂಗಿನ ಪಕ್ಕದ ಕಣ್ಣಿನ ಮೂಲೆ, ಕಣ್ಣ ಕೆಳಗಿನ ಗುಳಿ, ಈ ಮೂರು ಜಾಗಕ್ಕೆ ಹಚ್ಚಿದೆ. ಅತಿ ಕಪ್ಪಗಿರೋದು ಮೂಗಿನ ಪಕ್ಕದ ಮೂಲೆ, ಅಲ್ಲಿ ಸ್ಟ್ರೋಕ್ ಜಾಸ್ತಿ. ಹೊರಗಿನ ತುದಿಗೆ ಹೋದ ಹಾಗೆ ಕಮ್ಮಿ. ಕಣ್ಣಿನ ಬಿಳಿ ಗುಡ್ಡೆ ಮುಟ್ಟಲಿಲ್ಲ. ನೆರಳಲ್ಲಿರೋ ಕಣ್ಣಲ್ಲಿ ಬಿಳಿ ಮಾತ್ರ ಹೊಳೆದ್ರೆ ಅದು ದೀಪ ಹಚ್ಚಿದ ಹಾಗೆ ಕಾಣತ್ತೆ.

ಪ್ರತಿ ಒಂದೆರಡು ನಿಮಿಷಕ್ಕೆ ಪೂರ್ತಿ ಝೂಮ್ ಔಟ್ ಮಾಡಿ, ಫೋಟೋ ಅಂಗೈಯಷ್ಟು ಕಾಣ್ಬೇಕು. ಜನ ನೋಡೋದು ಆ ಸೈಜಲ್ಲೇ.

—

ಭಾಗ 6/8

ಯಾವುದನ್ನ ಬಿಡ್ಬೇಕು ಅನ್ನೋದು ಇನ್ನೂ ಮುಖ್ಯ.

ಗದ್ದದ ಕೆಳಗಿನ ನೆರಳು ಬಿಟ್ಟೆ. ಮುಖ ಎಲ್ಲಿ ಮುಗಿದು ಕುತ್ತಿಗೆ ಎಲ್ಲಿ ಶುರುವಾಗತ್ತೆ ಅಂತ ಹೇಳೋದು ಅದೇ. ಮೂಗಿನ ಕೆಳಗೆ ಮೇಲ್ತುಟಿ ಮೇಲೆ ಬಿದ್ದಿರೋ ನೆರಳನ್ನ ಸ್ವಲ್ಪ ತೆಳು ಮಾಡಿದೆ, ಅಳಿಸ್ಲಿಲ್ಲ. ಅದನ್ನ ಅಳಿಸಿ ಹಣೆ ಬೆಳಕು ಹಾಗೇ ಇಟ್ರೆ, ಮುಖದ ಮೇಲರ್ಧಕ್ಕೆ ಒಬ್ಬ ಸೂರ್ಯ, ಕೆಳಗರ್ಧಕ್ಕೆ ಇನ್ನೊಬ್ಬ. ನೋಡುವವರಿಗೆ ಏನು ತಪ್ಪಾಗಿದೆ ಅಂತ ಹೇಳೋಕೆ ಬರಲ್ಲ, ಆದ್ರೆ "ಏನೋ ಎಡಿಟ್ ಆಗಿದೆ" ಅಂತ ಗೊತ್ತಾಗ್ಬಿಡತ್ತೆ. ನಗುವಾಗ ಕೆನ್ನೆಯಲ್ಲಿ ಬರೋ ಗೆರೆಯನ್ನೂ ಬಿಟ್ಟೆ. ಅದು ಅವಳ ನಗು.

ಕೈ ಜಾಸ್ತಿ ಆದಾಗ ಗೊತ್ತಾಗೋ ಗುರುತು ಮೂರು.

ಒಂದು, ಬರ್ನ್ ಮಾಡಿದ ಜಾಗ ಇಟ್ಟಿಗೆ ಬಣ್ಣಕ್ಕೆ ತಿರುಗತ್ತೆ. ಚರ್ಮದ ಬಣ್ಣದಲ್ಲಿ ಕೆಂಪು ಜಾಸ್ತಿ, ನೀಲಿ ಕಮ್ಮಿ. ಕಪ್ಪಾಗಿಸಿದಾಗ ಆ ಅಂತರ ಇನ್ನೂ ಎದ್ದು ಕಾಣತ್ತೆ. ಸ್ಟ್ರೋಕ್ ಕಮ್ಮಿ ಮಾಡೋದೇ ಮೊದಲ ಮದ್ದು.

ಎರಡು, ಕಣ್ಣ ಕೆಳಗೆ ಮರಳು ಮರಳಾಗಿ ಕಾಣತ್ತೆ. ಫೋನ್ ಫೋಟೋದ ಕಪ್ಪು ಜಾಗದಲ್ಲಿ ವಿವರಕ್ಕಿಂತ ನಾಯ್ಸ್ ಜಾಸ್ತಿ ಇರತ್ತೆ, ಡಾಡ್ಜ್ ಮಾಡಿದ್ರೆ ಅದೂ ಜೊತೆಗೆ ಮೇಲೆ ಬರತ್ತೆ. ಅದು ಕಂಡ ಕೂಡಲೇ ನಿಲ್ಸಿ. ಆ ಫೋಟೋ ಕೊಡೋದು ಅಷ್ಟೇ.

ಮೂರು, ಹಣೆ ಮೇಲೆ ಬಿಳಿ ಕಲೆ. ಇದು ಡಾಡ್ಜ್ ಅಂಡ್ ಬರ್ನ್‌ನ ನಿಜವಾದ ಮಿತಿ. ಬಿಸಿಲಿಗೆ ಹಣೆ ಪೂರ್ತಿ ಬಿಳಿಯಾಗಿ ಸುಟ್ಟುಹೋಗಿದ್ರೆ, ಅಂದ್ರೆ ಮೂರೂ ಬಣ್ಣದ ಅಂಕಿ 255 ಆಗಿದ್ರೆ, ಸಾಫ್ಟ್ ಲೈಟ್‌ನಲ್ಲಿ ಎಷ್ಟು ಕಪ್ಪು ಹಚ್ಚಿದ್ರೂ ಆ ಬಿಳಿ ಕದಲಲ್ಲ. ಸುತ್ತಲಿನ ಚರ್ಮ ಮಾತ್ರ ಇಳಿದು, ಕಲೆ ಇನ್ನೂ ಎದ್ದು ಕಾಣತ್ತೆ. ಅಲ್ಲಿ ಚರ್ಮದ ಮಾಹಿತಿಯೇ ಇಲ್ಲ, ತರೋದು ಎಲ್ಲಿಂದ? ಇದಕ್ಕೆ ಪರಿಹಾರ ಫೋಟೋ ತೆಗೆಯುವಾಗಲೇ. ಸ್ಕ್ರೀನ್ ಮೇಲೆ ಮುಖ ಮುಟ್ಟಿ, ಹಣೆ ಬಿಳಿಯಾಗದಷ್ಟು ಬ್ರೈಟ್‌ನೆಸ್ ಕೆಳಗೆ ಎಳೀರಿ. ಇಲ್ಲಾಂದ್ರೆ ಅವರನ್ನ ನಾಲ್ಕು ಹೆಜ್ಜೆ ನೆರಳಿಗೆ ಕರೀರಿ.

—

ಭಾಗ 7/8

ಈಗ ಟ್ಯಾಲಿ.

ಎಡಿಟ್ ಆದ ಫೋಟೋದ ಎಲ್ಲ ಲೇಯರ್ ಸೇರಿಸಿ ಒಂದು ಕಾಪಿ ಮಾಡಿ, ಒರಿಜಿನಲ್‌ದೂ ಒಂದು ಕಾಪಿ ಇಟ್ಕೊಳ್ಳಿ. ಎರಡರಲ್ಲೂ ಮುಖವನ್ನ ಮಾತ್ರ ಲ್ಯಾಸೋದಲ್ಲಿ ಸುತ್ತಿ, ಕೂದಲು ಗೋಡೆ ಬೇಡ. ಆಮೇಲೆ `Filter > Blur > Average` ಒತ್ತಿ. ಮುಖ ಪೂರ್ತಿ ಒಂದೇ ಬಣ್ಣ ಆಗ್ಬಿಡತ್ತೆ. ಆ ಮುಖದ ಎಲ್ಲ ಪಿಕ್ಸೆಲ್‌ಗಳ ಸರಾಸರಿ ಬಣ್ಣ ಅದು.

ಕೊನೇ ಸ್ಲೈಡಲ್ಲಿ ಮೂರು ಚೌಕ ಹಾಕಿದ್ದೀನಿ. ಮೊದಲನೇದು ಒರಿಜಿನಲ್: ಕೆಂಪು 141, ಹಸಿರು 98, ನೀಲಿ 76. ಎರಡನೇದು ನಮ್ಮ ಎಡಿಟ್: 143, 99, 77. ಮೂರನೇದು ಸ್ಟುಡಿಯೋ ಪ್ರಿಂಟಿನ ಸಾಫ್ಟ್ ಕಾಪಿ: 188, 150, 131. ಮೊದಲ ಎರಡು ಚೌಕದ ನಡುವೆ ಗೆರೆ ಹುಡುಕೋದೂ ಕಷ್ಟ. ಮೂರನೇದು ಬೇರೆ ಯಾರದೋ ಚರ್ಮ.

ಕಣ್ಣಿಗೆ ಕೊಟ್ಟ ಬೆಳಕು ಹಣೆ ಮೂಗಿಂದ ಬಂತು, ಹಾಗಾಗಿ ಸರಾಸರಿ ಅಲ್ಲೇ ನಿಂತಿದೆ. ಆದ್ರೂ ಮುಖ ಬೆಳಗಿದ ಹಾಗೆ ಕಾಣ್ತಿದೆ, ಯಾಕಂದ್ರೆ ಗೋಡೆ ಇಳಿದಿದೆ.

ಎರಡು ಎಚ್ಚರಿಕೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ, ಒಂದು ತಪ್ಪನ್ನ ಇನ್ನೊಂದು ತಪ್ಪು ಮುಚ್ಚಿರಬಹುದು. ಹಣೆ ಅತಿ ಕಪ್ಪು, ಕೆನ್ನೆ ಅತಿ ಬಿಳುಪು ಮಾಡಿದ್ರೂ ಸರಾಸರಿ ಕೂಡತ್ತೆ. ಅದಕ್ಕೆ ಮೇಲೊಂದು `Hue/Saturation` ಲೇಯರ್ ಹಾಕಿ, ಸ್ಯಾಚುರೇಶನ್ ‎-100 ಮಾಡಿ, ಕಪ್ಪು ಬಿಳುಪಲ್ಲಿ ಒಮ್ಮೆ ನೋಡಿ. ಬಣ್ಣ ಹೋದ ಮೇಲೆ ತೇಪೆಗಳು ಕಣ್ಣಿಗೆ ಹೊಡೀತವೆ.

ಇನ್ನೊಂದು, ಒರಿಜಿನಲ್ ಫೋಟೋನೇ ತಪ್ಪಾಗಿ ಕಪ್ಪಾಗಿರಬಹುದು. ಬಿಳಿ ಗೋಡೆ ಮುಂದೆ ನಿಲ್ಸಿದ್ರೆ ಫೋನ್ ಗೋಡೆ ನೋಡಿ "ಬೆಳಕು ಜಾಸ್ತಿ ಆಯ್ತು" ಅಂದ್ಕೊಂಡು ಇಡೀ ಫೋಟೋ ಇಳಿಸತ್ತೆ. ಆಗ ಮೊದಲು ಇಡೀ ಫೋಟೋದ ಎಕ್ಸ್‌ಪೋಶರ್ ಸರಿ ಮಾಡಿ. ಎಷ್ಟು ಅಂತ ಗೊತ್ತಾಗೋಕೆ, ಅದೇ ವ್ಯಕ್ತಿಯ ನೆರಳಲ್ಲಿ ತೆಗೆದ ಇನ್ನೊಂದು ಫೋಟೋ ಪಕ್ಕದಲ್ಲಿಡಿ. ಟ್ಯಾಲಿ ಲೆಕ್ಕ ಶುರು ಆಗೋದು ಅದಾದ್ಮೇಲೆ. ನಮ್ಮ ಫೋಟೋದಲ್ಲಿ ಹಾಗೆ ನೋಡಿದೆ, ಎಕ್ಸ್‌ಪೋಶರ್ ಮುಟ್ಟೋ ಅಗತ್ಯ ಬರ್ಲಿಲ್ಲ.

—

ಭಾಗ 8/8

ಕೊನೇದಾಗಿ, ಹಿಂದಿನ ಭಾಗಗಳಿಗೆ ಬಂದ ಕಾಮೆಂಟ್‌ಗಳಿಗೆ ಉತ್ತರ.

"ಕಂಪ್ಯೂಟರ್ ಇಲ್ಲ, ಫೋನಲ್ಲಿ ಹೇಗೆ?" ಸ್ನಾಪ್‌ಸೀಡ್ ಫ್ರೀ. ಅದರ `Brush` ಟೂಲ್ ಒಳಗೆ `Dodge & Burn` ಇದೆ, 5 ಮತ್ತು 10, ಮೈನಸ್ 5 ಮತ್ತು ಮೈನಸ್ 10 ಸಿಗತ್ತೆ. 10 ಮುಟ್ಲೇಬೇಡಿ. ಬ್ರಷ್ ಸೈಜ್ ಅಂತ ಬೇರೆ ಇಲ್ಲ, ಝೂಮ್ ಮಾಡಿದಷ್ಟೂ ಬ್ರಷ್ ಸಣ್ಣ ಆಗತ್ತೆ. ಗೋಡೆಗೆ ಝೂಮ್ ಔಟ್, ಕಣ್ಣಿಗೆ ಝೂಮ್ ಇನ್. ಕ್ರಮ ಅದೇ: ಗೋಡೆ, ಹಣೆ, ಆಮೇಲೆ ಕಣ್ಣು.

"ಇಷ್ಟೆಲ್ಲ ಮಾಡೋಕೆ ಟೈಮ್ ಎಷ್ಟು?" ಈ ಫೋಟೋಗೆ ಇಪ್ಪತ್ತೈದು ನಿಮಿಷ. ಮುಗಿದ ಮೇಲೆ ಹೋಗಿ ಒಂದು ಕಾಫಿ ಕುಡಿದು ಬಂದು, ಮುಖದ ಲೇಯರಿನ ಒಪಾಸಿಟಿ 75%ಗೆ ಇಳಿಸಿದೆ. ಒಂದೇ ಸಮನೆ ನೋಡ್ತಾ ಇದ್ರೆ ಕಣ್ಣು ಬದಲಾವಣೆಗೆ ಒಗ್ಗಿಹೋಗತ್ತೆ, ಮಾಡಿದ್ದು ಕಮ್ಮಿ ಅನ್ನಿಸತ್ತೆ. ಎದ್ದು ಹೋಗಿ ಬಂದವರಿಗೆ ಜಾಸ್ತಿ ಆಗಿರೋದು ಕಾಣತ್ತೆ. ಚೌಕದ ಅಂಕಿ ತೆಗೆದದ್ದು ಇದಾದ ಮೇಲೆ.

"ಅವರಿಗೇ ಬೆಳ್ಳಗೆ ಬೇಕು ಅಂದ್ರೆ ನಿಂಗೇನು ಕಷ್ಟ ಗುರೂ?" ಇದು ಒಳ್ಳೇ ಪ್ರಶ್ನೆ. ಫೋಟೋ ಅವರದ್ದು, ಮುಖ ಅವರದ್ದು, ಅವರೇ ಕೇಳಿದ್ರೆ ನಾನು ತೀರ್ಪು ಕೊಡೋಕೆ ಯಾರು? ಆದ್ರೆ ಒಂದು ಸಲ ಗಮನಿಸಿ ನೋಡಿ, ಕೇಳೋದು ಯಾರು? ಈ ಫೋಟೋದಲ್ಲಿ ಕೇಳಿದ್ದು ದೊಡ್ಡಮ್ಮ. ಇನ್ನೊಂದರಲ್ಲಿ ಮದುವೆ ಬ್ರೋಕರ್, ಮತ್ತೊಂದರಲ್ಲಿ ಅಣ್ಣ. ಕ್ಯಾಮೆರಾ ಮುಂದೆ ನಿಂತವರನ್ನ ಯಾರೂ ಕೇಳೇ ಇರಲ್ಲ. ಹಾಗಾಗಿ ನಾನು ಫೋಟೋದಲ್ಲಿರೋರನ್ನೇ ಕೇಳ್ತೀನಿ: "ಇದರಲ್ಲಿ ನಿಮಗೆ ಏನು ಸರಿ ಕಾಣ್ತಿಲ್ಲ?" ಬರೋ ಉತ್ತರ ಬಹಳ ಸಲ ಬಣ್ಣದ ಬಗ್ಗೆ ಇರಲ್ಲ. ಕಣ್ಣು ಸುಸ್ತಾಗಿ ಕಾಣ್ತಿದೆ, ಮೂಗು ದಪ್ಪ ಬಂದಿದೆ, ಹಣೆ ಹೊಳೀತಿದೆ. ಇವೆಲ್ಲ ಬೆಳಕಿನ ದೂರುಗಳು. ಇವಕ್ಕೆ ಡಾಡ್ಜ್ ಅಂಡ್ ಬರ್ನ್ ಹತ್ರ ಉತ್ತರ ಇದೆ.

ಎಡಿಟ್ ಆದ ಫೋಟೋವನ್ನ ಅವಳು ದೊಡ್ಡಮ್ಮಂಗೂ ಕಳಿಸಿದ್ಳು. ಬಂದ ರಿಪ್ಲೈ: "ಇದು ಚೆನ್ನಾಗಿದೆ, ಯಾವ ಸ್ಟುಡಿಯೋ?"

ನಿಮ್ಮದೊಂದು ಮಧ್ಯಾಹ್ನದ ಫೋಟೋ ತಗೊಂಡು ಗೋಡೆ ಮಾತ್ರ ಇಳಿಸಿ ನೋಡಿ, ಮುಖ ಮುಟ್ಬೇಡಿ. ಏನು ಬದಲಾಯ್ತು ಅಂತ ಕಾಮೆಂಟಲ್ಲಿ ಹೇಳಿ. ಸೇವ್ ಮಾಡ್ಕೊಳ್ಳಿ, ಎಲ್ಲಾ ಭಾಗ ಹೈಲೈಟ್ಸ್‌ನಲ್ಲಿ ಇರತ್ತೆ.

#ಕನ್ನಡದಲ್ಲಿಫೋಟೋಗ್ರಫಿ #ಡಾಡ್ಜ್‌ಅಂಡ್‌ಬರ್ನ್ #ಬೆಳಕುನೆರಳು